ಪಟ್ಟೆದಾರರ ಮುಚ್ಚಿದ ಕಣ್ಣು

ಸುಗ್ಗಿಹಬ್ಬ ಪುತ್ತರಿ ಮುಗಿದ ಮರುದಿನ ಕೊಡಗಿನ ನಮ್ಮೂರಿನ ಒಂದು ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಅಂಗಳದಲ್ಲಿ ಇಡೀ ಒಕ್ಕದ ಫೋಟೋ ತೆಗೆದೆ. ನಲವತ್ತು ಜನ, ಮೂರು ಸಾಲು, ಟ್ರೈಪಾಡ್ ಮೇಲೆ ಕ್ಯಾಮೆರಾ, ಸಾಲಾಗಿ ಆರು ಕ್ಲಿಕ್. ಮಕ್ಕಳೆಲ್ಲ ಸರಿಯಾಗಿ ನೋಡುತ್ತಿದ್ದ ಒಂದೇ ಫ್ರೇಮಿನಲ್ಲಿ, ನಡುವೆ ಕೂತ ಮನೆತನದ ಹಿರಿಯ, ಪಟ್ಟೆದಾರರು, ಕಣ್ಣು ಮುಚ್ಚಿದ್ದರು. ಅದೂ ಸಾಲದೆಂಬಂತೆ, ರಜೆ ಸಿಗದೆ ಬರಲಾಗದ ಕಿರಿಯ ಮಗನೂ ಚಿತ್ರದಲ್ಲಿ ಇರಬೇಕೆಂದು ಅವನ ತಾಯಿಗೆ ಆಸೆ. ಅವನ ಜಾಗದಲ್ಲಿ ಒಂದು ಫ್ರೇಮಿಗೆ ಅಣ್ಣನನ್ನೇ ನಿಲ್ಲಿಸಿದ್ದೆವು. ಒಟ್ಟಿನಲ್ಲಿ ಎರಡು ಮುಖ ಬದಲಿಸಬೇಕಿತ್ತು.

ಎರಡನ್ನೂ ಮುಖ ಬದಲಿಸುವ ಎಐ ಮಾಡೆಲ್‌ಗೆ ಕೊಟ್ಟು ಕಾಫಿ ಕುಡಿದು ಬರೋಣ ಅನ್ನಿಸಿತು. ಕೊಟ್ಟೆ ಕೂಡ. ಪಟ್ಟೆದಾರರದೇ ಕಣ್ಣು ತೆರೆದ ಫೋಟೋವನ್ನು ಮೂಲವಾಗಿ ಕೊಟ್ಟು, ಕಣ್ಣು ಮುಚ್ಚಿದ ಚಿತ್ರದ ಮೇಲೆ ಓಡಿಸಿದೆ. ಕೆಲವೇ ಸೆಕೆಂಡಿನಲ್ಲಿ ಫಲಿತಾಂಶ ಬಂತು. ಕಣ್ಣು ಮುಚ್ಚಿಯೇ ಇತ್ತು.

ಇದು ಮಾಡೆಲ್‌ನ ತಪ್ಪಲ್ಲ. `inswapper_128.onnx` ಥರದ ಮಾಡೆಲ್‌ಗಳು ಮೂಲ ಫೋಟೋದಿಂದ ತೆಗೆದುಕೊಳ್ಳುವುದು ಗುರುತನ್ನು ಮಾತ್ರ. ಮುಖ ಗುರುತಿಸುವ ಇನ್ನೊಂದು ಮಾಡೆಲ್ ಆ ಮುಖವನ್ನು 512 ಸಂಖ್ಯೆಗಳ ಒಂದು ಪಟ್ಟಿಯಾಗಿ ಅಡಕ ಮಾಡಿ ಇದಕ್ಕೆ ಕೊಡುತ್ತದೆ. ತಲೆ ಎತ್ತ ತಿರುಗಿದೆ, ಬಾಯಿ ನಗುತ್ತಿದೆಯೇ, ರೆಪ್ಪೆ ಮುಚ್ಚಿದೆಯೇ, ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬುದೆಲ್ಲ ಬದಲಿಸಬೇಕಾದ ಚಿತ್ರದಿಂದಲೇ ಬರುತ್ತದೆ. ಅವರ ಗುರುತನ್ನು ಅವರಿಗೇ ಅಂಟಿಸಿದರೆ ಮುಚ್ಚಿದ ಕಣ್ಣು ತೆರೆಯುವುದಾದರೂ ಹೇಗೆ? ಹಾಗಾಗಿ ನಾನು ಈಗ ಮೊದಲು ನೋಡಿಕೊಳ್ಳುವುದು, ಬದಲಾಗಬೇಕಾದ್ದು ಆಸಾಮಿಯೋ, ಮುಖಭಾವವೋ ಎಂದು. ಸಮಯ, ಕೈಚಳಕದ ಲೆಕ್ಕ ಆಮೇಲಿನದು.

ಪಟ್ಟೆದಾರರ ವಿಷಯದಲ್ಲಿ ಕೈಕೆಲಸವೇ ಸುಲಭ. ಮುಂದಿನ ಫ್ರೇಮಿನಲ್ಲಿ ಅವರ ಕಣ್ಣು ತೆರೆದಿತ್ತು. ಎರಡು ಫ್ರೇಮನ್ನೂ ಫೋಟೋಶಾಪ್‌ನಲ್ಲಿ ಒಂದರ ಮೇಲೊಂದು ಇಟ್ಟು, ಒಂದಕ್ಕೊಂದು ಹೊಂದಿಸಿ, ಕಣ್ಣು ತೆರೆದಿರುವ ಮೇಲಿನ ಲೇಯರಿಗೆ ಅದನ್ನು ಮರೆಮಾಡುವ ಕಪ್ಪು ಮಾಸ್ಕ್ ಹಾಕಿ, ಮೆತ್ತನೆಯ ಬಿಳಿ ಬ್ರಷ್ಷಿನಿಂದ ಬೇಕಾದಷ್ಟೇ ತೆರೆದೆ. ಹೊಸಬರು ಇಲ್ಲಿ ಕಣ್ಣುಗುಡ್ಡೆ ಮಾತ್ರ ತೆಗೆದು ಕೂರಿಸುತ್ತಾರೆ. ಆಗ ಮುಖ ಬೆಚ್ಚಿಬಿದ್ದವರ ಹಾಗೆ ಕಾಣುತ್ತದೆ. ರೆಪ್ಪೆಯ ಜೊತೆ ಹುಬ್ಬು, ಕೆನ್ನೆಯ ಮೇಲ್ಭಾಗ ಎಲ್ಲ ಅಲುಗುತ್ತವೆ, ಹಾಗಾಗಿ ಹುಬ್ಬಿನಿಂದ ಕೆನ್ನೆಯ ಅರ್ಧದವರೆಗೂ ತರಬೇಕು.

ತೊಡಕು ಬಂದದ್ದು ಮಂಜಿನಿಂದ. ಎರಡು ಕ್ಲಿಕ್‌ಗಳ ನಡುವೆ ಮಂಜು ಸ್ವಲ್ಪ ಸರಿದು ಬಿಸಿಲು ಇಣುಕಿತ್ತು. ಮಂಜಿನಲ್ಲಿ ನೆರಳು ಕಡುಕಪ್ಪಾಗುವುದಿಲ್ಲ, ಬೂದುಬಣ್ಣಕ್ಕೇ ನಿಲ್ಲುತ್ತದೆ. ಬಿಸಿಲಿನ ಫ್ರೇಮಿನಿಂದ ತಂದ ಕಣ್ಣಿನ ಸುತ್ತ ಕಪ್ಪು ಗಾಢವಾಗಿ, ಅಂಟಿಸಿದ್ದು ಎದ್ದು ಕಂಡಿತು. ಆ ಲೇಯರಿಗೆ ಮಾತ್ರ ಹೊಳಪು ತಿದ್ದುವ ಕರ್ವ್ಸ್ ಹಾಕಿ, ಗೆರೆಯ ಎಡತುದಿಯನ್ನು ಕೊಂಚ ಮೇಲೆತ್ತಿದ ಮೇಲೆ ಹೊಂದಿತು. ಹೊಂದಿದೆಯೇ ಎಂದು ನೋಡಲು ಚಿತ್ರವನ್ನು ಕಪ್ಪುಬಿಳುಪು ಮಾಡಿ, ತಾತ್ಕಾಲಿಕವಾಗಿ ಕಾಂಟ್ರಾಸ್ಟ್ ವಿಪರೀತ ಏರಿಸಬೇಕು. ಬಣ್ಣದ ಹಿಂದೆ ಅಡಗಿದ್ದ ಹೊಲಿಗೆ ಆಗ ಕಾಣುತ್ತದೆ. ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಮಾಸ್ಕ್ ಎಂದರೇನೆಂದು ತಿಳಿಯದವರಿಗೆ ಒಂದು ಸಂಜೆ ಬೇಕಾದೀತು.

ಕಿರಿಯ ಮಗನದು ಬೇರೆ ಕಥೆ. ಅವನು ಕಳಿಸಿದ್ದ ಮೊಬೈಲ್ ಫೋಟೋದಲ್ಲಿ ಬೆಳಕು ಎಡದಿಂದ, ತಲೆ ಬಲಕ್ಕೆ ತಿರುಗಿದೆ. ನಮ್ಮ ಚಿತ್ರದಲ್ಲಿ ಅಣ್ಣ ನೇರ ನೋಡುತ್ತಿದ್ದಾನೆ. ಬಣ್ಣ, ಹೊಳಪು ತಿದ್ದಬಹುದು, ಆದರೆ ತಿರುಗಿದ ಮೂಗನ್ನು ಬ್ರಷ್ಷಿನಿಂದ ನೇರ ಮಾಡಲು ನನ್ನಿಂದಂತೂ ಆಗದು. ಇಲ್ಲಿ ಮಾಡೆಲ್ ಬೇಕು.

`inswapper_128` ಹೆಸರಿನ ಕೊನೆಯ 128 ಎಂದರೆ ಅದು ಕೊಡುವ ಮುಖದ ಅಳತೆ: 128 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ನನ್ನ ಚಿತ್ರದ ಅಗಲ 6000 ಪಿಕ್ಸೆಲ್, ಸಾಲಿಗೆ ಹದಿನಾಲ್ಕು ಜನ. ಒಬ್ಬೊಬ್ಬರಿಗೆ ಸಿಗುವುದು ಸುಮಾರು 430, ಅದರಲ್ಲಿ ಮುಖ 140ರ ಆಸುಪಾಸು. ಹದಿನೆಂಟು ಇಂಚಿನ ಪ್ರಿಂಟಿನಲ್ಲಿ ಅದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಸಾಕು. ಇದೇ ಮಾಡೆಲನ್ನು ಮದುಮಕ್ಕಳ ಕ್ಲೋಸಪ್ಪಿಗೆ ಹಾಕಿದರೆ, 900 ಪಿಕ್ಸೆಲ್ ಮುಖಕ್ಕೆ ಏಳು ಪಟ್ಟು ಎಳೆಯಬೇಕಾಗುತ್ತದೆ, ಚರ್ಮ ಮೇಣವಾಗುತ್ತದೆ. ಜಿಎಫ್‌ಪಿಗ್ಯಾನ್‌ನಂಥ ಮುಖ ಚುರುಕುಗೊಳಿಸುವ ಸಾಧನಗಳು ವಿವರ ಸೇರಿಸುತ್ತವೆ ನಿಜ, ಆದರೆ ಅದು ಕಲ್ಪಿಸಿದ ವಿವರ, ಆ ಮನುಷ್ಯನದಲ್ಲ. ಇನ್ನೊಂದು ಮಾತು: ಈ ಮಾಡೆಲ್‌ನ ಪರವಾನಗಿ ವಾಣಿಜ್ಯೇತರ ಸಂಶೋಧನೆಗೆ ಮಾತ್ರ. ನಾನು ಕಾಸು ಪಡೆಯುವವನಲ್ಲ, ಮನೆಯಲ್ಲಿ ಪರೀಕ್ಷಿಸಿ ನೋಡಿದ್ದು; ಸ್ಟುಡಿಯೊ ಇಟ್ಟವರು ಬೇರೆಯದನ್ನು ಹುಡುಕಬೇಕು.

ಹುಡುಗನನ್ನು ಫೋನಿನಲ್ಲಿ ಒಪ್ಪಿಸಿದ ಮೇಲೆಯೇ ಓಡಿಸಿದೆ. ಮುಖ ಚೆನ್ನಾಗಿ ಬಂತು, ನೆರಳೂ ಅಂಗಳದ್ದೇ. ಆದರೆ ಬಲಗೆನ್ನೆಯ ಮಚ್ಚೆ ಮಾಯ. ಅಂಥ ಚಿಕ್ಕ ಗುರುತು ಆ 512 ಸಂಖ್ಯೆಗಳಲ್ಲಿ ಉಳಿಯುವುದು ಕಷ್ಟ. ಮೂರು ಪಿಕ್ಸೆಲ್ ಬ್ರಷ್ಷಿನಿಂದ ಅದನ್ನು ಕೈಯಲ್ಲೇ ಇಟ್ಟೆ. ಜೊತೆಗೆ ಆ ಮುಖ ಅಕ್ಕಪಕ್ಕದವರಿಗಿಂತ ನುಣುಪಾಗಿತ್ತು, 200 ಪರ್ಸೆಂಟ್ ಹಿಗ್ಗಿಸಿ ನೋಡುತ್ತ ಸ್ವಲ್ಪ ನಾಯ್ಸ್, ಅಂದರೆ ಕಾಳುಕಾಳು, ಸೇರಿಸಿ ಸರಿಮಾಡಿದೆ.

ಪ್ರಿಂಟ್ ಕೊಟ್ಟಾಗ ತಾಯಿ ಮಚ್ಚೆಯ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರು. ಅಣ್ಣ ಮಾತ್ರ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, "ಮಂಡೆತುಣಿ ರುಮಾಲಿನ ಕೆಳಗಿರೋ ಈ ಕಿವಿ ನನ್ನದೇ ಅಲ್ವಾ?" ಎಂದ. ಹೌದು, ಅವನದೇ. ಮಾಡೆಲ್ ಬದಲಿಸುವುದು ಹುಬ್ಬಿನಿಂದ ಗದ್ದದವರೆಗಿನ ಭಾಗವನ್ನು ಮಾತ್ರ.