ಹೃದಯದ ಅಧ್ಯಾಯವನ್ನು ಕನ್ನಡಕ್ಕೆ ತರಬೇಕು, ಪ್ರಾಧ್ಯಾಪಕರಿಗೆ ಪತ್ರ ಹೇಗೆ ಬರೆಯಲಿ?

ಪ್ರಶ್ನೆ: ಮಡಿಕೇರಿಯಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಅನಾಟಮಿ ಪಠ್ಯಪುಸ್ತಕದ ಹೃದಯದ ಅಧ್ಯಾಯವನ್ನು ಅನುವಾದಿಸುವ ಆಸೆ. ನಮ್ಮ ಪ್ರಾಧ್ಯಾಪಕರ ಸಲಹೆ ಕೇಳಲು ಪತ್ರದಲ್ಲಿ ಏನೇನು ಬರೆಯಲಿ?

ಉತ್ತರ: ‘ದಯವಿಟ್ಟು ಮಾರ್ಗದರ್ಶನ ನೀಡಿ’ ಎಂದಷ್ಟೇ ಬರೆದರೆ ‘ಆಗಲಿ, ಮಾಡಿ’ ಎಂಬ ಉತ್ತರ ಬಂದೀತು, ಅಷ್ಟೇ. ಮೊದಲು ಒಂದು ಪುಟ ಅನುವಾದಿಸಿ. ಪೆನ್ನು ಎಲ್ಲಿ ನಿಂತಿತೋ ಅದನ್ನೇ ಕೇಳಿ.

ಹೃದಯದ ಅಧ್ಯಾಯದಲ್ಲಿ ಪೆನ್ನು ಬೇಗನೇ ನಿಲ್ಲುತ್ತದೆ. ಶಾಲೆಯಲ್ಲಿ ಮೇಲಿನ ಎರಡು ಕೋಣೆಗಳನ್ನು ಹೃತ್ಕರ್ಣ, ಕೆಳಗಿನ ಎರಡನ್ನು ಹೃತ್ಕುಕ್ಷಿ ಎಂದು ಕಲಿತಿದ್ದೀರಿ. ಕರ್ಣವೆಂದರೆ ಕಿವಿ. ಹಳೆಯ ಇಂಗ್ಲಿಷ್ ಪುಸ್ತಕಗಳು ಮೇಲಿನ ಕೋಣೆಯನ್ನೇ ಆರಿಕಲ್, ಅಂದರೆ ಪುಟ್ಟ ಕಿವಿ, ಎನ್ನುತ್ತಿದ್ದವು. ಕನ್ನಡದ ಪದದಲ್ಲಿರುವುದೂ ಅದೇ ಕಿವಿ. ಈಗಿನ ಪುಸ್ತಕಗಳಲ್ಲಿ ಆ ಕೋಣೆಯ ಹೆಸರು ಏಟ್ರಿಯಂ. ಅದರಿಂದ ಹೊರಚಾಚಿದ, ಕಿವಿಯಂತಿರುವ ಚಿಕ್ಕ ಚೀಲ ಮಾತ್ರ ಆರಿಕಲ್. ಎರಡಕ್ಕೂ ಹೃತ್ಕರ್ಣ ಎಂದು ಬರೆದರೆ ಕೋಣೆ ಯಾವುದು, ಚೀಲ ಯಾವುದು ಎಂದು ಓದುಗನಿಗೆ ತಿಳಿಯದು. ಇದು ಬರೀ ಪದದ ಜಗಳವಲ್ಲ. ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ರಕ್ತ ಹೆಚ್ಚಾಗಿ ಹೆಪ್ಪುಗಟ್ಟುವುದು ಎಡಗಡೆಯ ಆ ಚೀಲದೊಳಗೇ. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು.

ಪತ್ರದ ನಡುಭಾಗ ಹೀಗಿರಲಿ:

‘ಮಾನ್ಯ ಸರ್, ಮೊದಲ ಪುಟದ ಅನುವಾದವನ್ನೂ ಮೂಲ ಪುಟದ ಜೆರಾಕ್ಸನ್ನೂ ಲಗತ್ತಿಸಿದ್ದೇನೆ. ಏಟ್ರಿಯಂಗೆ ಹೃತ್ಕರ್ಣ ಎಂದೇ ಉಳಿಸಿಕೊಂಡಿದ್ದೇನೆ. ಆರಿಕಲ್‌ಗೆ “ಹೃತ್ಕರ್ಣದ ಕಿವಿಚೀಲ” ಎಂದು ಬರೆದಿದ್ದೇನೆ. ಇದು ಸರಿಯೇ, ಅಥವಾ ಆರಿಕಲ್ ಎಂದೇ ಬಿಡಲೇ? ಮೂರನೆಯ ಸಾಲನ್ನು ತಾವು ನೋಡಿದರೆ ಸಾಕು.’

ಕರ್ಣದ ಕಿವಿ ಎಂದರೆ ಕಿವಿಗೊಂದು ಕಿವಿ ಅಂಟಿಸಿದಂತೆ, ನಿಜ. ಆದರೂ ಕೈಯಲ್ಲೊಂದು ಪದವಿದ್ದರೆ ಅವರಿಗೆ ತಿದ್ದಲು ಸುಲಭ.

ಎರಡನೆಯ ಪ್ರಶ್ನೆಯಾಗಿ ಹಾರ್ಟ್ ಫೇಲ್ಯೂರ್ ಕೇಳಬಹುದು. ‘ಹೃದಯ ವೈಫಲ್ಯ’ ಎಂದರೆ ಸೋಮವಾರಪೇಟೆಯ ಸಂತೆಯಲ್ಲಿ ಯಾರನ್ನೇ ಕೇಳಿ, ಹೃದಯ ನಿಂತುಹೋಯಿತು ಎಂದುಕೊಳ್ಳುತ್ತಾರೆ. ನಿಂತರೆ ಅದು ಹೃದಯಸ್ತಂಭನ. ಫೇಲ್ಯೂರ್‌ನಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ದೇಹಕ್ಕೆ ಬೇಕಾದಷ್ಟು ರಕ್ತ ನೂಕಲಾರದು. ಹಾಗಾಗಿ ಆ ಪದ ಮೊದಲು ಬರುವಲ್ಲೇ ಒಂದು ಸಾಲಿನ ವಿವರಣೆ ಸೇರಿಸಬಹುದೇ ಎಂದು ಕೇಳಿ.

ಎರಡು ಪ್ರಶ್ನೆಗಿಂತ ಹೆಚ್ಚು ಬೇಡ. ಪತ್ರ ಒಂದೇ ಪುಟದಲ್ಲಿ ಮುಗಿಯಲಿ.

ಅನುವಾದ ನಿಮ್ಮ ಓದಿಗಷ್ಟೇ ಅಥವಾ ಅಚ್ಚಿಗೂ ಹೋಗುತ್ತದೆಯೇ ಎಂಬುದನ್ನೂ ತಿಳಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅನುವಾದದ ಹಕ್ಕು ಮೂಲ ಕೃತಿಯ ಹಕ್ಕುದಾರರದು. ಅಚ್ಚಿಗೆ ಕೊಡುವುದಾದರೆ ಪ್ರಾಧ್ಯಾಪಕರ ಒಪ್ಪಿಗೆ ಸಾಲದು, ಪ್ರಕಾಶಕರಿಗೆ ಬೇರೆಯೇ ಪತ್ರ ಬರೆಯಬೇಕು.