ಡಿಸ್ಕ್ ಕಂಪ್ರೆಷನ್: ಬೆಳಿಗ್ಗೆ ಇದ್ದ ಎತ್ತರ ಸಂಜೆಗೆ ಯಾಕೆ ಇರುವುದಿಲ್ಲ?

ನಮ್ಮ ಚಿಕ್ಕಪ್ಪನ ಮಗ ಪೊಲೀಸ್ ನೇಮಕಾತಿಗೆ ಹೋಗಿದ್ದ. ಬೇಕಿದ್ದ ಎತ್ತರ 168 ಸೆಂಟಿಮೀಟರ್. ಮನೆಯಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದಾಗ 168.5 ಇತ್ತು. ಮೈದಾನದಲ್ಲಿ 167.4 ಬಂತು. ಟೇಪು ಸರಿಯಿಲ್ಲ, ಬೇಕಂತಲೇ ಕಡಿಮೆ ಬರೆದರು ಅಂತ ವಾರಗಟ್ಟಲೆ ಕೊರಗಿದ. ಆದರೆ ಅವನು ಹೋದ ರೀತಿ ಕೇಳಿದರೆ ಕಾರಣ ಗೊತ್ತಾಗುತ್ತದೆ. ರಾತ್ರಿಯಿಡೀ ಬಸ್ಸಿನ ಸೀಟಿನಲ್ಲಿ ಕೂತೇ ಪ್ರಯಾಣ. ಬೆಳಿಗ್ಗೆ 5ಕ್ಕೆ ಇಳಿದು ಸಾಲಿನಲ್ಲಿ ನಿಂತ. ಅಳತೆಯ ಸರದಿ ಬಂದಿದ್ದು 11ಕ್ಕೆ. ಅವನ ಬೆನ್ನಿಗೆ ಆ ರಾತ್ರಿ ಮಲಗುವ ಅವಕಾಶವೇ ಸಿಗಲಿಲ್ಲ.

ಇದರ ಹಿಂದೆ ಇರುವುದೇ ಡಿಸ್ಕ್ ಕಂಪ್ರೆಷನ್. ಕನ್ನಡದಲ್ಲಿ ಬಿಲ್ಲೆ ಅದುಮುವಿಕೆ ಅನ್ನಬಹುದು. ಬೆನ್ನುಮೂಳೆ ಒಂದೇ ಕೋಲಲ್ಲ, ಒಂದರ ಮೇಲೊಂದು ಕೂತ ಮಣಿಗಳ ಸಾಲು. ಎರಡು ಮಣಿಗಳ ನಡುವೆ ಒಂದೊಂದು ಮೆತ್ತನೆಯ ಬಿಲ್ಲೆ ಇರುತ್ತದೆ. ಅದನ್ನೇ ನಾವು ಡಿಸ್ಕ್ ಅನ್ನುವುದು. ಹೀಗೆ ಒಟ್ಟು 23 ಡಿಸ್ಕ್‌ಗಳಿವೆ. ಬೆನ್ನುಮೂಳೆಯ ಉದ್ದದಲ್ಲಿ ಸುಮಾರು ಕಾಲು ಭಾಗ ಇವುಗಳದ್ದೇ.

ಡಿಸ್ಕ್ ಅಂದ ಕೂಡಲೇ ತುಂಬಾ ಜನ ರಬ್ಬರ್ ತುಂಡು ಅಥವಾ ಸ್ಪ್ರಿಂಗ್ ಅಂದುಕೊಳ್ಳುತ್ತಾರೆ. ಸ್ಪ್ರಿಂಗ್ ಆಗಿದ್ದರೆ ನಿಂತ ಕ್ಷಣವೇ ಕುಗ್ಗಿ, ಮಲಗಿದ ಕ್ಷಣವೇ ಹಿಗ್ಗಬೇಕಿತ್ತು. ಹಾಗೆ ಆಗುವುದಿಲ್ಲ, ಗಂಟೆಗಳೇ ಹಿಡಿಯುತ್ತವೆ. ಯಾಕೆಂದರೆ ಇಲ್ಲಿ ನಡೆಯುವುದು ನೀರಿನ ಓಡಾಟ.

ಮೊಳಕೆ ಕಟ್ಟಲು ಹೆಸರುಕಾಳನ್ನು ಬಟ್ಟೆಯಲ್ಲಿ ಗಂಟು ಹಾಕಿ ನೀರಲ್ಲಿ ಇಟ್ಟಿದ್ದೀರಾ? ರಾತ್ರಿ ಸಡಿಲವಾಗಿದ್ದ ಗಂಟು ಬೆಳಿಗ್ಗೆ ಕಲ್ಲಿನ ಹಾಗೆ ಬಿಗಿದಿರುತ್ತದೆ. ಕಾಳು ನೀರು ಕುಡಿದು ಊದಿರುತ್ತದೆ, ಬಟ್ಟೆ ಹಿಡಿದುಕೊಂಡಿರುತ್ತದೆ. ಡಿಸ್ಕ್ ಕೂಡ ಹೆಚ್ಚು ಕಡಿಮೆ ಹೀಗೇ. ಅದರ ನಡುವೆ ತಾಟಿನುಂಗಿನ ತಿರುಳಿನಂಥ ಲೋಳೆ ಇದೆ, ಅದರಲ್ಲಿ ಜಾಸ್ತಿ ಇರುವುದು ನೀರೇ. ಆ ನೀರನ್ನು ಹಿಡಿದಿಡುವುದು ಪ್ರೋಟಿಯೋಗ್ಲೈಕನ್ ಎಂಬ ದೊಡ್ಡ ಅಣುಗಳು. ಅವುಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಸುತ್ತಲಿನ ನೀರನ್ನು ಒಳಕ್ಕೆ ಎಳೆಯುತ್ತಲೇ ಇರುತ್ತವೆ. ಹೊರಗೆ ಗಟ್ಟಿ ನಾರಿನ ಪದರಗಳು ಈರುಳ್ಳಿಯ ಪದರದಂತೆ ಸುತ್ತಿಕೊಂಡು, ಬಟ್ಟೆಯ ಕೆಲಸ ಮಾಡುತ್ತವೆ.

ಈಗ ಎದ್ದು ನಿಲ್ಲಿ. ತಲೆ, ತೋಳು, ಎದೆ, ಹೊಟ್ಟೆಯ ಭಾರವೆಲ್ಲ ಸೊಂಟದ ಡಿಸ್ಕಿನ ಮೇಲೆ ಬೀಳುತ್ತದೆ. ಮೈಯನ್ನು ನೆಟ್ಟಗೆ ನಿಲ್ಲಿಸುವ ಬೆನ್ನಿನ ಸ್ನಾಯುಗಳ ಎಳೆತವೂ ಅದಕ್ಕೆ ಸೇರುತ್ತದೆ. ಒಳಕ್ಕೆ ಎಳೆಯುವ ಬಲಕ್ಕಿಂತ ಅದುಮುವ ಬಲ ಜಾಸ್ತಿಯಾದಾಗ ನೀರು ನಿಧಾನವಾಗಿ ಹೊರಗೆ ಜಿನುಗುತ್ತದೆ. ಡಿಸ್ಕ್ ತೆಳ್ಳಗಾಗುತ್ತದೆ. ಮಲಗಿದಾಗ ಭಾರ ಇಳಿದು, ನೀರು ಮತ್ತೆ ಒಳಗೆ ಬರುತ್ತದೆ.

ಇದನ್ನು ನೇರವಾಗಿಯೇ ಅಳೆದಿದ್ದಾರೆ. ಜರ್ಮನಿಯ ಉಲ್ಮ್‌ನ ಸಂಶೋಧಕರು ಒಬ್ಬ ಸ್ವಯಂಸೇವಕರ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಣ್ಣ ಸಾಧನ ಇಟ್ಟರು. 1999ರಲ್ಲಿ ಪ್ರಕಟವಾದ ಆ ಅಳತೆಯಲ್ಲಿ ಅಂಗಾತ ಮಲಗಿದಾಗ ಒತ್ತಡ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5. ಅಂದರೆ ಐದು ಪಟ್ಟು. ನನಗೆ ಇಷ್ಟವಾದ ಸಂಗತಿ ಇನ್ನೊಂದು. ಆ ವ್ಯಕ್ತಿ ರಾತ್ರಿ ಮಲಗಿದ್ದಾಗ ಒತ್ತಡ 0.1ರಿಂದ 0.24ಕ್ಕೆ ಏರಿತು. ಮೇಲಿನಿಂದ ಭಾರ ಬೀಳಲಿಲ್ಲ, ಡಿಸ್ಕ್ ತಾನೇ ನೀರು ಕುಡಿದು ಉಬ್ಬುತ್ತಿತ್ತು. ಅದೇ ಹೆಸರುಕಾಳಿನ ಗಂಟು!

ಎಷ್ಟು ಕುಗ್ಗುತ್ತೇವೆ? ದೊಡ್ಡವರಲ್ಲಿ ದಿನಕ್ಕೆ ಎತ್ತರದ ಸುಮಾರು ನೂರಕ್ಕೆ ಒಂದು ಪಾಲು. 170 ಸೆಂಟಿಮೀಟರ್ ಇರುವವರಿಗೆ 17ರಿಂದ 19 ಮಿಲಿಮೀಟರ್. ಅದನ್ನು 23 ಡಿಸ್ಕ್‌ಗಳಿಗೆ ಹಂಚಿದರೆ ಒಂದಕ್ಕೆ ಒಂದು ಮಿಲಿಮೀಟರ್ ಕೂಡ ಬರುವುದಿಲ್ಲ. ಇದು ಸುಮ್ನೆ ಅಂದಾಜಿನ ಲೆಕ್ಕ. ದಪ್ಪನೆಯ ಸೊಂಟದ ಡಿಸ್ಕ್‌ಗಳ ಪಾಲು ಜಾಸ್ತಿ, ಕತ್ತಿನವುಗಳದ್ದು ಕಡಿಮೆ.

ಆದರೆ ಈ ಕುಗ್ಗುವಿಕೆ ದಿನವಿಡೀ ಒಂದೇ ಸಮ ನಡೆಯುವುದಿಲ್ಲ. ಎದ್ದ ಮೊದಲ ಒಂದು ಗಂಟೆಯಲ್ಲೇ ಸುಮಾರು ಅರ್ಧ ಮುಗಿದಿರುತ್ತದೆ. 6ಕ್ಕೆ ಎದ್ದವರು ಕಾಫಿ ಕುಡಿದು, ಪೇಪರ್ ಓದಿ, 7ಕ್ಕೆ ಸ್ನಾನಕ್ಕೆ ಹೋಗುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಇಳಿದಿರುತ್ತಾರೆ. ಉಳಿದ ಒಂದು ಸೆಂಟಿಮೀಟರ್‌ಗೆ ರಾತ್ರಿಯವರೆಗೂ ಸಮಯ ಬೇಕು. ನೀರು ಹೊರಗೆ ಹೋದಷ್ಟೂ ಉಳಿದ ಲೋಳೆ ಗಟ್ಟಿಯಾಗಿ, ನೀರನ್ನು ಇನ್ನೂ ಜೋರಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೇ ಹೀಗೆ. ರಾತ್ರಿಯೂ ಅಷ್ಟೇ, ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚಿನ ಪಾಲು ವಾಪಸ್ ಬರುತ್ತದೆ.

ಇದು ಹೊಸ ವಿಷಯವೂ ಅಲ್ಲ. ಇಂಗ್ಲೆಂಡಿನ ಐನ್ಹೋ ಎಂಬ ಊರಿನ ಪಾದ್ರಿ ವಾಸ್ 1724ರಲ್ಲೇ ಬೆಳಿಗ್ಗೆ-ರಾತ್ರಿಯ ಎತ್ತರದ ವ್ಯತ್ಯಾಸದ ಬಗ್ಗೆ ಪತ್ರ ಬರೆದು, ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಈ ಮೊದಲ ಗಂಟೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎದ್ದಾಗ ಡಿಸ್ಕ್ ನೀರು ತುಂಬಿ ಬಿಗಿದಿರುತ್ತದೆ. ಆಗ ಸೊಂಟ ಬಗ್ಗಿಸಿದರೆ ಹಿಂಬದಿಯ ನಾರಿನ ಪದರಗಳ ಮೇಲೆ ಬೀಳುವ ಎಳೆತ, ಮಧ್ಯಾಹ್ನ ಬಗ್ಗಿದಾಗಿನದಕ್ಕಿಂತ ತುಂಬಾ ಜಾಸ್ತಿ. ನಮ್ಮ ಮನೆಗಳಲ್ಲಿ ಎದ್ದ ತಕ್ಷಣ ಏನು ಮಾಡುತ್ತೇವೆ? ಬಗ್ಗಿ ಅಂಗಳ ಗುಡಿಸಿ, ನೀರು ಹಾಕಿ, ಮೊಣಕಾಲು ಮಡಿಸದೆ ರಂಗೋಲಿ ಬಿಡುತ್ತೇವೆ. ತುಂಬಿದ ಬಕೆಟ್ ಎತ್ತುತ್ತೇವೆ. ಡಿಸ್ಕಿಗೆ ದಿನದಲ್ಲಿ ಅತ್ಯಂತ ಕಷ್ಟದ ಹೊತ್ತು ಅದೇ. ಬಹುಕಾಲದ ಸೊಂಟನೋವು ಇದ್ದವರು ಎದ್ದ ಮೇಲಿನ ಮೊದಲ ಎರಡು ಗಂಟೆ ಬಗ್ಗುವುದನ್ನು ಆದಷ್ಟು ಬಿಟ್ಟರೆ ನೋವು ಕಡಿಮೆಯಾಯಿತು ಎಂದು ಅಮೆರಿಕದ ಒಂದು ಅಧ್ಯಯನ 1998ರಲ್ಲೇ ತೋರಿಸಿದೆ. ನಮ್ಮಮ್ಮ ಈಗ ರಂಗೋಲಿಯನ್ನು ಕಾಫಿ, ತಿಂಡಿ ಎಲ್ಲ ಮುಗಿದ ಮೇಲೆ, ಚಿಕ್ಕ ಮಣೆ ಹಾಕಿಕೊಂಡು ಕೂತು ಬಿಡುತ್ತಾರೆ.

ಮನೆಯಲ್ಲೇ ನೋಡಬೇಕೆಂದರೆ ಗೋಡೆ, ಪೆನ್ಸಿಲ್, ಗಟ್ಟಿ ರಟ್ಟಿನ ಪುಸ್ತಕ ಸಾಕು. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಲಿ. ನೋಟ ನೇರಕ್ಕೆ ಇರಲಿ. ಗಲ್ಲ ಸ್ವಲ್ಪ ಎತ್ತಿದರೂ ಅಳತೆ ಕೆಲವು ಮಿಲಿಮೀಟರ್ ತಪ್ಪುತ್ತದೆ, ಆದ್ದರಿಂದ ಪ್ರತಿ ಸಲ ಮೂರು ಬಾರಿ ಗುರುತು ಹಾಕಿ ನಡುವಿನದ್ದನ್ನು ಹಿಡಿಯಿರಿ. ಹಾಸಿಗೆಯಿಂದ ಎದ್ದ ಕೂಡಲೇ ಒಮ್ಮೆ, ಒಂದು ಗಂಟೆ ಬಿಟ್ಟು ಒಮ್ಮೆ, ಮಲಗುವ ಮುಂಚೆ ಒಮ್ಮೆ. ಮೊದಲ ಎರಡು ಗೆರೆಗಳ ನಡುವಿನ ಅಂತರ ನೋಡಿ, ನಿಮಗೇ ಆಶ್ಚರ್ಯ ಆಗುತ್ತೆ.

ವಯಸ್ಸಾದಂತೆ ಡಿಸ್ಕ್ ನೀರು ಹಿಡಿಯುವ ಶಕ್ತಿ ಕಳೆದುಕೊಳ್ಳುವುದರಿಂದ ಅಜ್ಜ ಅಜ್ಜಿಯರಲ್ಲಿ ಈ ಗೆರೆಗಳು ಹತ್ತಿರ ಹತ್ತಿರವೇ ಇರುತ್ತವೆ. ಆದರೆ ಅಜ್ಜಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದ್ದರೆ ಅದು ಬೇರೆಯೇ ಸಮಾಚಾರ. ಡಿಸ್ಕ್ ತೆಳುವಾಗಿರಬಹುದು, ಮೂಳೆ ಟೊಳ್ಳಾಗಿ ಬೆನ್ನಿನ ಮಣಿಯೇ ಕುಸಿದಿರಲೂಬಹುದು. ಗುರುತಿಸುವುದು ಸುಲಭ: ಪ್ರತಿ ಸಲ ಬೆಳಿಗ್ಗೆ ಎದ್ದ ತಕ್ಷಣ ಅಳೆದರೂ ಹಳೆಯ ಎತ್ತರ ವಾಪಸ್ ಬರುವುದಿಲ್ಲ. ಹೀಗೆ ಮೂರು ನಾಲ್ಕು ಸೆಂಟಿಮೀಟರ್ ಇಳಿದಿದ್ದರೆ, ನೋವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಿ, ಮೂಳೆಯ ಸಾಂದ್ರತೆ ಪರೀಕ್ಷೆ ಬೇಕಾ ಅಂತ ಕೇಳಿ.