ಬೆಳಗ್ಗೆಯ ನಾಲ್ಕು ಡಿಗ್ರಿ ಮುಚ್ಚಿಡುವ ರಾತ್ರಿ

ಪರಿಚಯದ ಫಾರ್ಮಸಿಯೊಂದರ ಫ್ರಿಜ್ ನೋಡಿಕೊಡಲು ಹೋಗಿದ್ದೆ. ತಾಪಮಾನದ ಪುಸ್ತಕ ಅಚ್ಚುಕಟ್ಟಾಗಿತ್ತು. ಪ್ರತಿದಿನ ಬೆಳಗ್ಗೆ 4 ಡಿಗ್ರಿ, ಸಂಜೆ 5 ಡಿಗ್ರಿ. ಲಸಿಕೆ ಮತ್ತು ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಲ್ಲ ಸರಿ ಇದೆ ಅನ್ನಿಸುತ್ತೆ, ಅಲ್ವಾ?

ನನ್ನ ಹತ್ತಿರ ಮಿನಿಮಮ್-ಮ್ಯಾಕ್ಸಿಮಮ್ ಥರ್ಮಾಮೀಟರ್ ಇತ್ತು, ರೀಸೆಟ್ ಒತ್ತಿದಾಗಿನಿಂದ ತಲುಪಿದ ಅತಿ ಕಡಿಮೆ ಮತ್ತು ಅತಿ ಹೆಚ್ಚು ತಾಪಮಾನವನ್ನು ನೆನಪಿಟ್ಟುಕೊಳ್ಳುವಂಥದ್ದು. ಅದನ್ನು ರಾತ್ರಿ ಒಳಗಿಟ್ಟು ಬಂದೆ. ಬೆಳಗ್ಗೆ ಅದೂ 4 ಅಂತಲೇ ತೋರಿಸಿತು. ಆದರೆ ಮಿನಿಮಮ್ ಒತ್ತಿದರೆ ಮೈನಸ್ 1.8!

ಕಾರಣ ಸರಳವಾಗಿತ್ತು. ಮಧ್ಯಾಹ್ನದ ಸೆಖೆಯಲ್ಲಿ ಬಾಗಿಲು ಪದೇಪದೇ ತೆಗೆಯುತ್ತಾರೆ, ಒಳಗೆ ತಂಪು ಸಾಲುವುದಿಲ್ಲ. ಅದಕ್ಕೆ ಯಾರೋ ಡಯಲನ್ನು ಜಾಸ್ತಿ ತಂಪಿಗೆ ತಿರುಗಿಸಿದ್ದರು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಾಗಿಲು ತೆಗೆಯುವವರಿಲ್ಲ, ಹೊರಗೂ ತಂಪು. ಡಯಲ್ ಮಾತ್ರ ಅಲ್ಲೇ ಇತ್ತು. ಇನ್ಸುಲಿನ್ ಪೆಟ್ಟಿಗೆಗಳು ಹಿಂಬದಿಯ ಗೋಡೆಗೆ ತಾಗಿಕೊಂಡಿದ್ದವು. ಫ್ರಿಜ್‌ನಲ್ಲಿ ಮೊದಲು ಹೆಪ್ಪುಗಟ್ಟುವ ಜಾಗವೇ ಅದು.

ಬಿಸಿಗಿಂತ ನನಗೆ ಈ ಹೆಪ್ಪುಗಟ್ಟುವಿಕೆಯದ್ದೇ ಹೆಚ್ಚು ಭಯ. ಬಿಸಿ ಸಾಮಾನ್ಯವಾಗಿ ನಿಧಾನವಾಗಿ ಶಕ್ತಿ ಕಳೆಯುತ್ತದೆ. ಆದರೆ ಹೆಪಟೈಟಿಸ್ ಬಿ, ಟೆಟನಸ್‌ನಂಥ ಅಲ್ಯೂಮಿನಿಯಂ ಸೇರಿದ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಅದರ ಕಣಗಳು ಗಂಟುಕಟ್ಟುತ್ತವೆ, ಕರಗಿದ ಮೇಲೂ ಸರಿಹೋಗುವುದಿಲ್ಲ. ಇನ್ಸುಲಿನ್ ಕೂಡ ಹಾಗೆಯೇ. ಅದರಲ್ಲೂ ತಿಳಿಯಾದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಾಣಬಹುದು. ಕಣ್ಣಿಗೆ ಚೆನ್ನಾಗಿ ಕಂಡಿತು ಅಂತ ಕೊಟ್ಟರೆ, ಮನೆಯಲ್ಲಿ ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂದು ಆ ರೋಗಿ ಕಂಗಾಲಾಗುತ್ತಾರೆ. ನನ್ನನ್ನು ಕಾಡುವುದು ಇದೇ.

ಅಂದು ಸ್ಟಾಕನ್ನೆಲ್ಲ ಬೇರೆ ಸುರಕ್ಷಿತ ಫ್ರಿಜ್‌ಗೆ ಸಾಗಿಸಿ, 'ಮಾರಬೇಡಿ' ಎಂದು ಚೀಟಿ ಅಂಟಿಸಿದೆವು. ಬ್ಯಾಚ್ ನಂಬರ್, ಮಿನಿಮಮ್ ಓದು, ಎಷ್ಟು ಹೊತ್ತು ಹಾಗಿದ್ದಿರಬಹುದು ಎಂಬುದನ್ನು ಬರೆದು ತಯಾರಕರನ್ನು ಕೇಳಿದೆವು. ಗೋಡೆಗೆ ತಾಗಿದ್ದ ಇನ್ಸುಲಿನ್ ಮತ್ತೆ ಮಾರಾಟಕ್ಕೆ ಬರಲಿಲ್ಲ. ಲಸಿಕೆಗೆ ಶೇಕ್ ಟೆಸ್ಟ್ ಎಂಬ ಪರೀಕ್ಷೆ ಇದೆ. ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ, ಕರಗಿಸಿ, ಅನುಮಾನದ ಸೀಸೆಯ ಜೊತೆ ಅಲುಗಾಡಿಸಿ ಪಕ್ಕಪಕ್ಕ ಇಡಬೇಕು. ಎರಡರಲ್ಲೂ ಗಸಿ ಒಂದೇ ವೇಗದಲ್ಲಿ ಇಳಿದರೆ ಅನುಮಾನದ್ದೂ ಕೆಟ್ಟಿದೆ ಎಂದರ್ಥ. ಇದು ಅಲ್ಯೂಮಿನಿಯಂ ಇರುವ ಲಸಿಕೆಗೆ ಮಾತ್ರ, ಇನ್ಸುಲಿನ್‌ಗೆ ಅಲ್ಲ.

ನಂತರ ಡಯಲನ್ನು ಒಂದು ಗುರುತು ಇಳಿಸಿ ಒಂದು ದಿನ ಸುಮ್ನೆ ಬಿಟ್ಟೆವು. ಖಾಲಿ ಇದ್ದ ಕೆಳಗಿನ ಜಾಗಕ್ಕೆ ನೀರಿನ ಬಾಟಲಿ ಇಟ್ಟೆವು. ತಾಪಮಾನ ಥಟ್ಟನೆ ಏರಿಳಿಯದಂತೆ ಅವು ತಡೆಯುತ್ತವೆ. ಪೆಟ್ಟಿಗೆಗಳು ಗೋಡೆಯಿಂದ ಎರಡು ಬೆರಳು ದೂರ, ಥರ್ಮಾಮೀಟರಿನ ಪ್ರೋಬ್ ನಡುವಿನ ಅರೆಯಲ್ಲಿ ಔಷಧಿಗಳ ಮಧ್ಯೆ. ಎರಡು ದಿನ ಮಿನಿಮಮ್ 3.1ಕ್ಕಿಂತ ಇಳಿಯಲಿಲ್ಲ, ಮ್ಯಾಕ್ಸಿಮಮ್ 6.7 ದಾಟಲಿಲ್ಲ. ಆಮೇಲೆಯೇ ಹೊಸ ಸ್ಟಾಕ್ ಒಳಗೆ ಹೋಯಿತು.

ಪುಸ್ತಕದಲ್ಲಿ ಈಗ ಮೂರು ಅಂಕಿಗಳಿವೆ: ಈಗಿನದು, ಮಿನಿಮಮ್, ಮ್ಯಾಕ್ಸಿಮಮ್. ದಿನಕ್ಕೆರಡು ಸಲ ಬರೆದು, ಸಹಿ ಹಾಕಿ, ಕೂಡಲೇ ರೀಸೆಟ್ ಒತ್ತಬೇಕು. ಒತ್ತದಿದ್ದರೆ ನಿನ್ನೆಯ ಮಿನಿಮಮ್ಮೇ ಇವತ್ತೂ ಕಾಣುತ್ತದೆ, ತಪ್ಪು ಯಾವ ರಾತ್ರಿಯದು ಅಂತ ತಿಳಿಯುವುದಿಲ್ಲ.